ಬೀಳ್ಕೊಡುಗೆ ಭಾಷಣದ ಉತ್ತರ: ವೇದಿಕೆಯ ಮೇಲೆ ನಿಂತಿರುವವರು ಯಾರು?

ಪ್ರಶ್ನೆ: ನಾನು ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದೇನೆ. ಕನ್ನಡ ಪರೀಕ್ಷೆಯಲ್ಲಿ "ನಿಮ್ಮನ್ನು ಒಂಬತ್ತನೇ ತರಗತಿಯ ಶಾಲಾ ನಾಯಕಿ ವಿನುತಾ ಎಂದು ಭಾವಿಸಿಕೊಂಡು, ಹತ್ತನೇ ತರಗತಿಯವರ ಬೀಳ್ಕೊಡುಗೆ ಸಮಾರಂಭದಲ್ಲಿ ಮಾಡುವ ಭಾಷಣವನ್ನು ಸುಮಾರು 150 ಪದಗಳಲ್ಲಿ ಬರೆಯಿರಿ" ಎಂಬ 5 ಅಂಕದ ಪ್ರಶ್ನೆ ಬಂದಿತ್ತು. ಎರಡು ಪುಟ ಬರೆದೆ, 2 ಅಂಕ ಬಂತು. ಟೀಚರ್ ಅಂಚಿನಲ್ಲಿ "ಯಾರು ಯಾರಿಗೆ ಹೇಳುತ್ತಿರುವುದು?" ಎಂದಷ್ಟೇ ಬರೆದಿದ್ದಾರೆ. ನನ್ನ ಉತ್ತರವನ್ನು ಜೊತೆಗಿಟ್ಟಿದ್ದೇನೆ. ಮಾದರಿ ಉತ್ತರ ಹೇಗಿರಬೇಕು?

ಉತ್ತರ: ನಿನ್ನ ಟೀಚರ್ ಬರೆದ ಆ ಮೂರೇ ಪದಗಳಲ್ಲಿ ನೀನು ಕಳೆದುಕೊಂಡ ಮೂರು ಅಂಕಗಳ ಲೆಕ್ಕವೂ ಇದೆ. ಉತ್ತರವನ್ನು ಎರಡು ಸಲ ಓದಿದೆ. ಅಕ್ಷರ ದುಂಡಾಗಿದೆ, ವಾಕ್ಯಗಳು ಎಲ್ಲೂ ಅರ್ಧಕ್ಕೆ ನಿಂತಿಲ್ಲ, ಕಾಗುಣಿತದ ತಪ್ಪುಗಳೂ ಬೆರಳೆಣಿಕೆಯಷ್ಟು. ಆದರೆ ಅಲ್ಲಿ ಮಾತನಾಡುತ್ತಿರುವುದು ವಿನುತಾ ಅಲ್ಲ. ಮೊದಲ ಪ್ಯಾರಾದಲ್ಲಿ ಶಾಲೆ ಬಿಟ್ಟು ಹೋಗುತ್ತಿರುವ ಹತ್ತನೇ ತರಗತಿಯ ಹುಡುಗಿ ಮಾತನಾಡುತ್ತಾಳೆ. ಎರಡನೆಯ ಪ್ಯಾರಾದಲ್ಲಿ ಪ್ರಬಂಧದ ಪುಸ್ತಕ ಮಾತನಾಡುತ್ತದೆ. ಮೂರನೆಯದರಲ್ಲಿ ಮುಖ್ಯೋಪಾಧ್ಯಾಯರು ಬಂದು ಬುದ್ಧಿವಾದ ಹೇಳುತ್ತಾರೆ. ಕೊನೆಯ ಪ್ಯಾರಾ ವಂದನಾರ್ಪಣೆ ಮಾಡುವವರದು. ನಾಲ್ಕು ಜನರ ನಡುವೆ ನಾಯಕಿಗೆ ಬಾಯಿ ತೆರೆಯಲು ಜಾಗವೇ ಸಿಕ್ಕಿಲ್ಲ.

ಒಂದೊಂದಾಗಿ ನೋಡೋಣ. ನೀನು ಸಂಬೋಧನೆಗೇ ಮೂರು ಸಾಲು ಬಳಸಿದ್ದೀಯೆ: "ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಎಸ್‌ಡಿಎಂಸಿ ಸದಸ್ಯರೇ, ಮುಖ್ಯೋಪಾಧ್ಯಾಯರೇ, ಶಿಕ್ಷಕ ವೃಂದದವರೇ, ಪೋಷಕರೇ ಹಾಗೂ ನನ್ನ ನೆಚ್ಚಿನ ಸಹಪಾಠಿಗಳೇ." ಇದರಲ್ಲಿ ಒಂದು ಗುಂಪು ಬಿಟ್ಟುಹೋಗಿದೆ. ಯಾರಿಗಾಗಿ ಸಮಾರಂಭ ನಡೆಯುತ್ತಿದೆಯೋ ಆ ಹತ್ತನೇ ತರಗತಿಯವರ ಹೆಸರನ್ನೇ ನೀನು ಎತ್ತಿಲ್ಲ! ಅವರು ನಿನ್ನ ಸಹಪಾಠಿಗಳಲ್ಲ, ಒಂದು ವರ್ಷ ಹಿರಿಯರು. ಮೌಲ್ಯಮಾಪಕರು ರೂಪಕ್ಕೆ ಮೀಸಲಿಟ್ಟ ಅಂಕವನ್ನು ಇಲ್ಲಿಯೇ ಅರ್ಧ ಮಾಡುತ್ತಾರೆ. ಪ್ರಶ್ನೆಯಲ್ಲಿ ಇಲ್ಲದ ಅತಿಥಿಗಳನ್ನೆಲ್ಲ ಕರೆದು ಕೂರಿಸಿದ್ದಕ್ಕೆ ಯಾರೂ ಅಂಕ ಕಳೆಯುವುದಿಲ್ಲ, ಆದರೆ 150 ಪದಗಳಲ್ಲಿ ಹತ್ತು ಹನ್ನೆರಡು ಪದಗಳು ಅವರ ಕುರ್ಚಿಗಳಿಗೇ ಖರ್ಚಾಗುತ್ತವೆ.

ಮುಂದಿನ ಸಾಲು: "ಇಂದು ನಾವೆಲ್ಲರೂ ಈ ಶಾಲೆಯನ್ನು ಬಿಟ್ಟು ಹೋಗುತ್ತಿದ್ದೇವೆ ಎಂದು ನೆನೆದರೆ ಕಣ್ಣು ತುಂಬಿ ಬರುತ್ತದೆ." ನೀನು ಎಲ್ಲಿಗೂ ಹೋಗುತ್ತಿಲ್ಲ. ಪ್ರಶ್ನೆಯ ಪ್ರಕಾರ ವಿನುತಾ ಒಂಬತ್ತನೇ ತರಗತಿಯವಳು. ಜೂನ್ ತಿಂಗಳಲ್ಲಿ ಅದೇ ಕಟ್ಟಡದಲ್ಲಿ, ಹತ್ತನೇ ತರಗತಿಯ ಬೆಂಚಿನ ಮೇಲೆ ಕುಳಿತಿರುತ್ತಾಳೆ. ಈ ಒಂದು ವಾಕ್ಯ ಉತ್ತರದ ಬುಡವನ್ನೇ ಅಲುಗಾಡಿಸಿಬಿಟ್ಟಿದೆ. ನನ್ನ ಊಹೆ ಏನೆಂದರೆ, ನೀನು ಹಿಂದೆ ಎಲ್ಲೋ ಓದಿದ ಒಂದು ಬೀಳ್ಕೊಡುಗೆ ಭಾಷಣವನ್ನು ನೆನಪಿನಿಂದ ಇಳಿಸಿದ್ದೀಯೆ. ಅದು ಹೊರಟು ನಿಂತ ವಿದ್ಯಾರ್ಥಿ ಮಾಡಿದ ಭಾಷಣವಾಗಿತ್ತು. ಗೈಡುಗಳಲ್ಲಿ ಸಿಗುವ ಮಾದರಿಗಳಲ್ಲಿ ಈ ಎರಡೂ ಬಗೆಗಳು ಒಂದೇ ಶೀರ್ಷಿಕೆಯ ಕೆಳಗೆ ಇರುತ್ತವೆ, ಹಾಗಾಗಿ ಈ ಗೊಂದಲ ನಿನ್ನೊಬ್ಬಳದಲ್ಲ.

ಎರಡನೆಯ ಪ್ಯಾರಾ "ಶಾಲೆಯೆಂಬುದು ಜ್ಞಾನದೇಗುಲ" ಎಂದು ಆರಂಭವಾಗಿ ಆರು ಸಾಲು ನಡೆಯುತ್ತದೆ. ಶಾಲೆ ಏನೆಂಬುದು ಆ ಸಭೆಯಲ್ಲಿ ಕುಳಿತ ಎಲ್ಲರಿಗೂ ಗೊತ್ತು. ಪ್ರಬಂಧಕ್ಕೆ ಪೀಠಿಕೆ ಬೇಕು, ಏಕೆಂದರೆ ಓದುಗರು ಯಾರೆಂದು ಬರೆಯುವವರಿಗೆ ಗೊತ್ತಿರುವುದಿಲ್ಲ. ಭಾಷಣದಲ್ಲಿ ಕೇಳುಗರು ಕಣ್ಣೆದುರಿಗೇ ಇದ್ದಾರೆ, ಅವರಿಗೆ ವ್ಯಾಖ್ಯಾನ ಕೊಡುವ ಅಗತ್ಯವಿಲ್ಲ. ಮೂರನೆಯ ಪ್ಯಾರಾದಲ್ಲಿ "ಸಮಯ ವ್ಯರ್ಥ ಮಾಡಬೇಡಿ, ಮೊಬೈಲಿನಿಂದ ದೂರವಿರಿ, ತಂದೆತಾಯಿಯರಿಗೆ ಕೀರ್ತಿ ತನ್ನಿ" ಎಂದು ಹಿರಿಯರಿಗೆ ಹೇಳಿದ್ದೀಯೆ. ಈ ಮಾತುಗಳನ್ನು ಮುಖ್ಯೋಪಾಧ್ಯಾಯರು ಹೇಗೂ ಅದೇ ವೇದಿಕೆಯಲ್ಲಿ ಹೇಳುತ್ತಾರೆ. ಒಂದು ವರ್ಷ ಕಿರಿಯಳಾದವಳ ಬಾಯಲ್ಲಿ ಅವು ಅಧಿಕಪ್ರಸಂಗದಂತೆ ಕೇಳಿಸುತ್ತವೆ. ಇನ್ನು ಕೊನೆಯಲ್ಲಿ ಶಾಮಿಯಾನ ಹಾಕಿದವರಿಗೂ ಧ್ವನಿವರ್ಧಕದವರಿಗೂ ವಂದನೆ ಸಲ್ಲಿಸಿದ್ದೀಯೆ. ಅದಕ್ಕೆ ಕಾರ್ಯಕ್ರಮ ಪಟ್ಟಿಯಲ್ಲಿ ಬೇರೊಬ್ಬರಿದ್ದಾರೆ, ಬಿಟ್ಟುಬಿಡು.

ಹಾಗಾದರೆ ನಾಯಕಿ ಏನು ಹೇಳಬೇಕು? ಅವಳು ನಿಂತಿರುವ ಜಾಗವನ್ನು ಸರಿಯಾಗಿ ಗುರುತಿಸಿದರೆ ಉತ್ತರದ ಮುಕ್ಕಾಲು ಭಾಗ ತಾನಾಗಿಯೇ ಬರುತ್ತದೆ. ಅವಳು ಉಳಿಯುವವರ ಪ್ರತಿನಿಧಿ. ಹೊರಡುವವರೊಂದಿಗೆ ಒಂದೆರಡು ವರ್ಷ ಅದೇ ಅಂಗಳದಲ್ಲಿ ಓಡಾಡಿದ್ದಾಳೆ, ಪ್ರಾರ್ಥನೆಯ ಸಾಲು ನಿಲ್ಲಿಸಿದ್ದಾಳೆ, ಕ್ರೀಡಾಕೂಟದಲ್ಲಿ ಅವರ ಎದುರು ಆಡಿದ್ದಾಳೆ. ಅವರು ಹೋದ ಮೇಲೆ ಅವರು ಮಾಡುತ್ತಿದ್ದ ಕೆಲಸ ಯಾರ ಹೆಗಲಿಗೆ ಬೀಳುತ್ತದೆ ಎಂಬುದು ಅವಳಿಗೇ ಚೆನ್ನಾಗಿ ಗೊತ್ತು. ಆದ್ದರಿಂದ ಅವಳಿಗೆ ಹೇಳಲು ಎರಡು ಸಂಗತಿಗಳಿವೆ, ಅವನ್ನು ಅತಿಥಿಗಳಾಗಲಿ ಶಿಕ್ಷಕರಾಗಲಿ ಹೇಳಲಾರರು: ನೀವು ನಮಗೆ ಏನು ಮಾಡಿದಿರಿ ಎಂಬುದು ಒಂದು, ಅದರಲ್ಲಿ ಯಾವುದನ್ನು ನಾವು ಮುಂದುವರಿಸುತ್ತೇವೆ ಎಂಬುದು ಇನ್ನೊಂದು. ಇವೆರಡು ಬಂದರೆ ವಿಷಯಕ್ಕೆ ಇರುವ ಅಂಕ ಸಿಗುತ್ತದೆ. ಹಾರೈಕೆ ಒಂದೆರಡು ಸಾಲು ಸಾಕು.

ಅಂಕ ಹಂಚಿಕೆ ಶಾಲೆಯಿಂದ ಶಾಲೆಗೆ ಸ್ವಲ್ಪ ಬದಲಾಗುತ್ತದೆ. ಸಾಮಾನ್ಯವಾಗಿ 5 ಅಂಕದಲ್ಲಿ ರೂಪಕ್ಕೆ 1, ವಿಷಯಕ್ಕೆ 2, ಭಾಷೆ ಮತ್ತು ಜೋಡಣೆಗೆ 2 ಎಂದಿಟ್ಟುಕೊಳ್ಳಬಹುದು. ನಿನಗೆ ಬಂದ 2 ಅಂಕದಲ್ಲಿ ಬಹುಪಾಲು ಭಾಷೆಗೆ ಬಂದದ್ದೆಂದು ಕಾಣುತ್ತದೆ. ವಿಷಯಕ್ಕೆ ಏನೂ ಬಂದಿರಲಾರದು, ಏಕೆಂದರೆ ಇಡೀ ಎರಡು ಪುಟದಲ್ಲಿ ನಿನ್ನ ಶಾಲೆಯಲ್ಲಿ ನಡೆದ ಒಂದು ಘಟನೆಯೂ ಇಲ್ಲ.

ಮಕ್ಕಳು ತಡವರಿಸುವುದು ಇಲ್ಲಿಯೇ. "ಪರೀಕ್ಷೆಯಲ್ಲಿ ಘಟನೆ ಎಲ್ಲಿಂದ ತರಲಿ?" ಎಂದು ಕೇಳುತ್ತಾರೆ. ಘಟನೆ ಕಲ್ಪಿಸಿದ್ದಾದರೂ ನಡೆಯುತ್ತದೆ. ವಿನುತಾ ಎಂಬವಳೇ ಕಲ್ಪಿತ ವ್ಯಕ್ತಿ. ಮೌಲ್ಯಮಾಪಕರು ಅವಳ ಶಾಲೆಗೆ ಹೋಗಿ ವಿಚಾರಿಸುವುದಿಲ್ಲ. ಆದರೆ ಕಲ್ಪನೆ ಶಾಲೆಯ ಅಳತೆಯನ್ನು ಮೀರಬಾರದು. "ನೀವು ರಾಜ್ಯಮಟ್ಟದಲ್ಲಿ ಆರು ಚಿನ್ನದ ಪದಕ ತಂದಿರಿ" ಎಂದು ಬರೆದರೆ ಅದು ಪತ್ರಿಕಾ ಪ್ರಕಟಣೆಯಾಗುತ್ತದೆ. ದಿನವೂ ಕಾಣುವ ಜಾಗಗಳಲ್ಲಿ ಹುಡುಕು: ಬಿಸಿಯೂಟದ ಸಾಲು, ಪ್ರಾರ್ಥನೆಯ ಗಂಟೆ, ಪ್ರತಿಭಾ ಕಾರಂಜಿಯ ತಾಲೀಮು, ಶಾಲಾ ಸಂಸತ್ತಿನ ಚುನಾವಣೆ, ಕೈತೋಟಕ್ಕೆ ನೀರು ಹಾಕುವ ಸರದಿ, ಸ್ವಾತಂತ್ರ್ಯ ದಿನಾಚರಣೆಯ ಹಿಂದಿನ ಸಂಜೆ ಅಂಗಳ ಗುಡಿಸಿದ್ದು. ಇವುಗಳಲ್ಲಿ ಎರಡನ್ನು ಆರಿಸಿಕೊ. ಒಂದರಲ್ಲಿ ಹಿರಿಯರು ಕಿರಿಯರಿಗಾಗಿ ಏನಾದರೂ ಮಾಡಿರಬೇಕು, ಇನ್ನೊಂದರಲ್ಲಿ ಇಡೀ ಶಾಲೆಗಾಗಿ. ನೀನು ಬರೆದ ವಾಕ್ಯವನ್ನು ಹಾಗೆಯೇ ಎತ್ತಿ ಒಬ್ಬ ಅಧಿಕಾರಿಯ ನಿವೃತ್ತಿ ಸಮಾರಂಭದಲ್ಲಿ ಓದಿದರೂ ಹೊಂದಿಕೊಳ್ಳುತ್ತದೆಯೇ ಎಂದು ಕೇಳಿಕೊ. ಹೊಂದಿಕೊಂಡರೆ ಆ ವಾಕ್ಯಕ್ಕೆ ಅಂಕವಿಲ್ಲ. "ನಿಮ್ಮ ಸೇವೆ ಸದಾ ಸ್ಮರಣೀಯ" ಎಂಬುದು ಅಂಥ ಸಾಲು.

ಸಮಯದ ಲೆಕ್ಕವನ್ನೂ ನೋಡು. ಮೂರು ಗಂಟೆಯ, 100 ಅಂಕದ ಪತ್ರಿಕೆಯಾದರೆ 5 ಅಂಕಕ್ಕೆ ಸಿಗುವುದು 9 ನಿಮಿಷ. ಅದರಲ್ಲಿ ಎರಡು ನಿಮಿಷವನ್ನು ಉತ್ತರ ಪತ್ರಿಕೆಯ ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ನಾಲ್ಕು ಸಣ್ಣ ಗುರುತು ಹಾಕಿಕೊಳ್ಳಲು ಕೊಡು: ನಾನು ಯಾರು, ಅವರು ಯಾರು, ಎರಡು ಘಟನೆ, ಒಂದು ಮಾತು. ಆಮೇಲೆ ಬರೆಯತೊಡಗು. ಸಾಲಿಗೆ ಐದಾರು ಪದದಂತೆ 150 ಪದವೆಂದರೆ ಇಪ್ಪತ್ತೈದರಿಂದ ಮೂವತ್ತು ಸಾಲು. ನೀನು ಎರಡು ಪುಟ ಬರೆದದ್ದು ಶ್ರಮವೇ ಸರಿ, ಆದರೆ ಅದಕ್ಕೆ ಪ್ರತಿಫಲವಿಲ್ಲ. ಬೇರೆ ಪ್ರಶ್ನೆಗೆ ಬೇಕಾಗಿದ್ದ ಸಮಯವೂ ಹೋಯಿತು.

ಈಗ ಅದೇ ಪ್ರಶ್ನೆಗೆ ನಾನಾದರೆ ಹೀಗೆ ಬರೆಯುತ್ತಿದ್ದೆ:

"ಗೌರವಾನ್ವಿತ ಮುಖ್ಯೋಪಾಧ್ಯಾಯರೇ, ಗುರುವೃಂದದವರೇ, ಹತ್ತನೇ ತರಗತಿಯ ಅಕ್ಕಂದಿರೇ, ಅಣ್ಣಂದಿರೇ ಮತ್ತು ನನ್ನ ಗೆಳೆಯ ಗೆಳತಿಯರೇ, ಎಲ್ಲರಿಗೂ ನಮಸ್ಕಾರ.

ಎಂಟು ಮತ್ತು ಒಂಬತ್ತನೇ ತರಗತಿಯವರ ಪರವಾಗಿ, ಶಾಲಾ ನಾಯಕಿಯಾದ ವಿನುತಾ ಎಂಬ ನಾನು ನಿಮ್ಮೆದುರು ನಿಂತಿದ್ದೇನೆ.

ನಾವು ಎಂಟನೇ ತರಗತಿಗೆ ಸೇರಿದ ಮೊದಲ ವಾರ, ಬಿಸಿಯೂಟದ ಸಾಲಿನಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಹಿಂದೆಯೇ ಉಳಿಯುತ್ತಿದ್ದೆವು. ಆಗ ಒಂಬತ್ತನೇ ತರಗತಿಯಲ್ಲಿದ್ದ ನೀವು ನಮ್ಮನ್ನು ಮುಂದೆ ಕರೆದು ತಟ್ಟೆ ಕೊಟ್ಟಿರಿ. ನಮಗೆಲ್ಲ ಬಡಿಸಿ ಆದ ಮೇಲೆಯೇ ಊಟಕ್ಕೆ ಕುಳಿತಿರಿ. ಹಾಗೆ ಮಾಡಬೇಕೆಂದು ನಿಮಗೆ ಯಾರೂ ಹೇಳಿರಲಿಲ್ಲ.

ಈ ವರ್ಷ ಕ್ರೀಡಾಕೂಟದ ಹಿಂದಿನ ರಾತ್ರಿ ಮಳೆ ಸುರಿದು ಅಂಕಣದ ಗೆರೆಗಳೆಲ್ಲ ಅಳಿಸಿಹೋಗಿದ್ದವು. ಬೆಳಿಗ್ಗೆ ಆರು ಗಂಟೆಗೇ ಬಂದು, ಸುಣ್ಣದ ಪುಡಿ ಹಿಡಿದು ಮತ್ತೆ ಗೆರೆ ಎಳೆದವರು ನೀವು. ಅದೇ ಅಂಕಣದಲ್ಲಿ ಖೊಖೊ ಪಂದ್ಯದಲ್ಲಿ ನಮಗೆ ಸೋತಿರಿ. ಸೋತ ಮೇಲೆ ಮೊದಲು ಚಪ್ಪಾಳೆ ತಟ್ಟಿದವರೂ ನೀವೇ.

ಇನ್ನು ಮುಂದೆ ಪ್ರಾರ್ಥನೆಯ ಗಂಟೆ ಬಾರಿಸುವ ಸರದಿ ನಮ್ಮದು. ಜೂನ್ ತಿಂಗಳಲ್ಲಿ ಹೊಸದಾಗಿ ಬರುವ ಎಂಟನೇ ತರಗತಿಯವರಿಗೆ ಮೊದಲ ತಟ್ಟೆ ಕೊಡುವ ನಿಮ್ಮ ಪದ್ಧತಿಯನ್ನು ನಾವು ಬಿಡುವುದಿಲ್ಲ. ಉಳಿದ ಎಲ್ಲರ ಪರವಾಗಿ ಈ ಮಾತು ಕೊಡುತ್ತಿದ್ದೇನೆ.

ನಿಮ್ಮ ಪರೀಕ್ಷೆ ಹತ್ತಿರದಲ್ಲಿದೆ. ಓದಿದ್ದೆಲ್ಲ ಸಮಯಕ್ಕೆ ಸರಿಯಾಗಿ ನೆನಪಾಗಲಿ. ವರ್ಗಾವಣೆ ಪತ್ರ ಪಡೆಯಲು ಬಂದಾಗ ನಮ್ಮ ತರಗತಿಗೂ ಬಂದು ಹೋಗಿ.

ಹೋಗಿ ಬನ್ನಿ. ಧನ್ಯವಾದಗಳು."

ಇದು 150ರ ಆಸುಪಾಸಿನಲ್ಲಿದೆ. ಸ್ಪಷ್ಟವಾಗಿ, ನಿಧಾನವಾಗಿ ಓದಿದರೆ ಎರಡು ನಿಮಿಷದೊಳಗೆ ಮುಗಿಯುತ್ತದೆ. ನಿಜವಾದ ಸಮಾರಂಭದಲ್ಲೂ ಒಬ್ಬ ನಾಯಕಿಗೆ ಅಷ್ಟು ಸಮಯ ಸಾಕು.

ಈ ಉತ್ತರದಲ್ಲಿ ನಾನು ಬೇಕೆಂದೇ ಮಾಡಿದ ಕೆಲವು ಆಯ್ಕೆಗಳನ್ನು ಹೇಳುತ್ತೇನೆ. "ನಾವು" ಮತ್ತು "ನೀವು" ಎಲ್ಲೂ ಕಲೆಯದಂತೆ ನೋಡಿಕೊಂಡಿದ್ದೇನೆ. "ನಾವು" ಎಂದರೆ ಶಾಲೆಯಲ್ಲಿ ಉಳಿಯುವ ಕಿರಿಯರು, "ನೀವು" ಎಂದರೆ ಹತ್ತನೆಯವರು. ನಿನ್ನ ಉತ್ತರದಲ್ಲಿ "ನಾವು" ಒಮ್ಮೆ ಹೊರಡುವವರಾಗಿ, ಒಮ್ಮೆ ಇಡೀ ಶಾಲೆಯಾಗಿ, ಒಮ್ಮೆ ಇಂದಿನ ಯುವಜನಾಂಗವಾಗಿ ಬದಲಾಗುತ್ತದೆ. ಬರೆದು ಮುಗಿಸಿದ ಮೇಲೆ ಈ ಎರಡು ಪದಗಳ ಕೆಳಗೆ ಮಾತ್ರ ಕಣ್ಣಾಡಿಸು, ಯಾವುದಾದರೂ ಒಂದು ಕಡೆ "ಇದು ಯಾರು?" ಎಂದು ಅನುಮಾನ ಬಂದರೆ ಆ ವಾಕ್ಯ ತಿದ್ದು. ಅರ್ಧ ನಿಮಿಷದ ಕೆಲಸ.

ಸಂಬೋಧನೆಯಲ್ಲಿ ಅಕ್ಕ, ಅಣ್ಣ ಎಂದಿದ್ದೇನೆ. ನಮ್ಮ ಶಾಲೆಗಳಲ್ಲಿ ಕಿರಿಯರು ಹಿರಿಯರನ್ನು ಕರೆಯುವುದೇ ಹಾಗೆ. "ಸಹೋದರ ಸಹೋದರಿಯರೇ" ಎಂದರೆ ತಪ್ಪಲ್ಲ, ಆದರೆ ಅದು ಯಾವ ಸಭೆಗೂ ಆಗುವ ಮಾತು. ಅಕ್ಕಂದಿರೇ ಎಂದ ಕೂಡಲೇ ಮಾತನಾಡುತ್ತಿರುವವಳು ಚಿಕ್ಕವಳು ಎಂಬುದು ಓದುವವರಿಗೆ ಹೊಳೆಯುತ್ತದೆ, ನೀನು ಅದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಹಾಗೆಯೇ ಎರಡನೆಯ ಪ್ಯಾರಾದಲ್ಲಿ ಒಂದೇ ವಾಕ್ಯದಲ್ಲಿ ಯಾರ ಪರವಾಗಿ ಎಂಬುದನ್ನು ಹೇಳಿದ್ದೇನೆ. ಮೌಲ್ಯಮಾಪಕರು ಒಂದು ದಿನದಲ್ಲಿ ಹತ್ತಾರು ಪತ್ರಿಕೆ ನೋಡುತ್ತಾರೆ. ಮೊದಲ ನಾಲ್ಕು ಸಾಲಿನಲ್ಲಿ ಯಾರು, ಯಾರಿಗೆ, ಯಾವಾಗ ಎಂಬುದು ಖಚಿತವಾಗಿಬಿಟ್ಟರೆ ಅವರ ಪೆನ್ನು ಅಲ್ಲಿ ತಡೆಯುವುದಿಲ್ಲ.

ಬಿಸಿಯೂಟದ ಘಟನೆ ಎರಡು ಸಲ ಬಂದಿರುವುದನ್ನು ಗಮನಿಸಿರಬಹುದು. ಮೊದಲು ನೆನಪಾಗಿ, ಆಮೇಲೆ ಮಾತು ಕೊಡುವಾಗ. ಹೀಗೆ ಮಾಡಿದರೆ ಮೂರನೆಯ ಸಂಗತಿಯನ್ನು ಹುಡುಕುವ ಶ್ರಮ ತಪ್ಪುತ್ತದೆ, ಪ್ಯಾರಾಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಜೋಡಣೆಗೆ ಇರುವ ಅಂಕವೂ ಸಿಗುತ್ತದೆ. "ನಿಮ್ಮ ಆದರ್ಶಗಳನ್ನು ಪಾಲಿಸುತ್ತೇವೆ" ಎಂದು ಬರೆದಿದ್ದರೆ ಯಾವ ಆದರ್ಶ ಎಂಬ ಪ್ರಶ್ನೆ ಉಳಿಯುತ್ತಿತ್ತು. ಮೊದಲ ತಟ್ಟೆ ಕೊಡುತ್ತೇವೆ ಎಂಬುದನ್ನು ಜೂನ್ ತಿಂಗಳಲ್ಲಿ ಯಾರು ಬೇಕಾದರೂ ಬಂದು ಪರೀಕ್ಷಿಸಬಹುದು. ಖೊಖೊ ಪಂದ್ಯದಲ್ಲಿ ಅವರು ಸೋತರು ಎಂದು ಬರೆದದ್ದೂ ಬೇಕೆಂದೇ. ಬೀಳ್ಕೊಡುಗೆ ಭಾಷಣದಲ್ಲಿ ಎಲ್ಲರೂ ಗೆದ್ದವರೇ ಆಗಿರುತ್ತಾರೆ, ಅದರಿಂದಾಗಿ ಯಾವ ಹೊಗಳಿಕೆಯೂ ನಂಬಿಕೆ ಹುಟ್ಟಿಸುವುದಿಲ್ಲ. ಒಂದು ಸಣ್ಣ ಸೋಲು ಬಂದರೆ ಹೊಗಳಿಕೆಗೆ ತೂಕ ಬರುತ್ತದೆ. ಆದರೆ ಎಚ್ಚರ: ಚುಡಾಯಿಸುವ ಧಾಟಿ ಪರೀಕ್ಷೆಯಲ್ಲಿ ಬೇಡ, ಯಾರಾದರೂ ಒಬ್ಬ ಹಿರಿಯ ವಿದ್ಯಾರ್ಥಿಯ ಹೆಸರು ಹಿಡಿದು ತಮಾಷೆ ಮಾಡುವುದಂತೂ ಬೇಡವೇ ಬೇಡ.

ಗಾದೆ, ವಚನ, ಶ್ಲೋಕಗಳನ್ನು ನಾನು ಹಾಕಿಲ್ಲ. ಬಹಳ ಮಕ್ಕಳು ಇವುಗಳಿಂದ ಉತ್ತರಕ್ಕೆ ಶೋಭೆ ಬರುತ್ತದೆಂದು ಭಾವಿಸುತ್ತಾರೆ. ಬರಬಹುದು, ಸಾಲು ತಪ್ಪಿಲ್ಲದೆ ನೆನಪಿದ್ದರೆ ಮತ್ತು ಹೇಳುತ್ತಿರುವ ಘಟನೆಗೆ ಹೊಂದಿಕೊಂಡರೆ. ಅರ್ಧ ನೆನಪಿರುವ ವಚನವನ್ನು ಬರೆದು, ಕವಿಯ ಹೆಸರು ತಪ್ಪಿ, ಕೊನೆಗೆ ಅದು ಬೀಳ್ಕೊಡುಗೆಗೆ ಸಂಬಂಧವೇ ಇಲ್ಲದ್ದಾಗಿರುವ ಉತ್ತರಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಾಗುಣಿತದ ಬಗ್ಗೆ ಒಂದೇ ಮಾತು: ಈ ಪ್ರಶ್ನೆಯಲ್ಲಿ ಪದೇ ಪದೇ ತಪ್ಪಾಗುವ ಪದಗಳು ಬೀಳ್ಕೊಡುಗೆ, ವಿದ್ಯಾರ್ಥಿ, ಹಾರ್ದಿಕ, ಧನ್ಯವಾದ. ಮೊದಲನೆಯದು ಪ್ರಶ್ನೆಪತ್ರಿಕೆಯಲ್ಲಿಯೇ ಅಚ್ಚಾಗಿರುತ್ತದೆ, ನೋಡಿ ಬರೆಯಬಹುದು. ನೀನು ಬಿಳ್ಕೊಡುಗೆ ಎಂದೂ ವಿಧ್ಯಾರ್ಥಿ ಎಂದೂ ಬರೆದಿದ್ದೀಯೆ.

ಹೆಸರಿನ ವಿಷಯದಲ್ಲಿಯೂ ಜಾಗ್ರತೆ ಬೇಕು. ಪ್ರಶ್ನೆಯಲ್ಲಿ ವಿನುತಾ ಎಂದು ಕೊಟ್ಟಿದ್ದರೆ ನೀನು ವಿನುತಾ. ನಿನ್ನ ಸ್ವಂತ ಹೆಸರನ್ನೋ ನಿನ್ನ ಶಾಲೆಯ ಹೆಸರನ್ನೋ ಬರೆಯಬೇಡ. ಈಗ ಶಾಲಾ ಪರೀಕ್ಷೆಯಾದ್ದರಿಂದ ಅದೊಂದು ಸಣ್ಣ ತಪ್ಪು, ಆದರೆ ಮುಂದಿನ ವರ್ಷ ಸಾರ್ವಜನಿಕ ಪರೀಕ್ಷೆಯಲ್ಲಿ ಉತ್ತರ ಬರೆದವರ ಗುರುತು ಒಳಗೆಲ್ಲೂ ಕಾಣಿಸಬಾರದು. ಹೆಸರು ಕೊಟ್ಟಿಲ್ಲದಿದ್ದರೆ "ಶಾಲಾ ನಾಯಕಿಯಾದ ನಾನು" ಎಂದಷ್ಟೇ ಬರೆದು ಮುಂದೆ ಹೋಗು.

ಇನ್ನೊಂದು ಸಾಧ್ಯತೆಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಅದು ಬಂದರೆ ಈ ಮಾದರಿಯನ್ನು ಹಾಗೆಯೇ ಇಳಿಸಿದವರು ಮತ್ತೆ 2 ಅಂಕಕ್ಕೆ ಬರುತ್ತಾರೆ. ಎಷ್ಟೋ ಶಾಲೆಗಳಲ್ಲಿ ಶಾಲಾ ನಾಯಕ ಹತ್ತನೇ ತರಗತಿಯವನೇ ಆಗಿರುತ್ತಾನೆ. ಪ್ರಶ್ನೆಯಲ್ಲಿ "ಹತ್ತನೇ ತರಗತಿಯ ಶಾಲಾ ನಾಯಕ" ಎಂದಿದ್ದರೆ ಅವನೂ ಹೊರಡುವವರಲ್ಲಿ ಒಬ್ಬ. ಆಗ ಅವನು ಸಹಪಾಠಿಗಳಿಗೇ ವಿದಾಯ ಹೇಳಬೇಕು, ತಾನು ಹೊತ್ತಿದ್ದ ಹೊಣೆಯನ್ನು ಕಿರಿಯರ ಕೈಗೆ ಒಪ್ಪಿಸಬೇಕು. ಘಟನೆಗಳು ಅವೇ ಇರಬಹುದು, ನೋಡುವ ಕಡೆ ಬದಲಾಗುತ್ತದೆ: "ಮಳೆ ಬಂದ ಮರುದಿನ ಬೆಳಿಗ್ಗೆ ಆರಕ್ಕೆ ನಾನು ಕರೆದಾಗ ನೀವೆಲ್ಲ ಏಕೆ ಎಂದು ಕೇಳದೆ ಬಂದಿರಿ" ಎಂದು ಅವನು ಗೆಳೆಯರಿಗೆ ಹೇಳಬಹುದು. ಮಾತು ಕೊಡುವ ಪ್ಯಾರಾ ಆಗ ಒಪ್ಪಿಸುವ ಪ್ಯಾರಾ ಆಗುತ್ತದೆ: "ಮೊದಲ ತಟ್ಟೆ ಎಂಟನೇ ತರಗತಿಯವರಿಗೆ ಎಂಬುದನ್ನು ಒಂಬತ್ತನೆಯವರು ಮುಂದುವರಿಸಬೇಕು." ಕಿರಿಯರಿಗೆ ಒಂದು ಕೋರಿಕೆ ಇಡುವ ಹಕ್ಕು ಅವನಿಗಿದೆ, ವಿನುತಾಗೆ ಇರಲಿಲ್ಲ. "ಹೋಗಿ ಬನ್ನಿ" ಬದಲು "ಹೋಗಿ ಬರುತ್ತೇವೆ" ಎಂದು ಮುಗಿಸುತ್ತಾನೆ. ಪ್ರಶ್ನೆಯಲ್ಲಿ ತರಗತಿಯನ್ನೇ ಹೇಳಿರದಿದ್ದರೆ, "ಹೊರಹೋಗುವ ವಿದ್ಯಾರ್ಥಿಗಳಿಗೆ" ಎಂಬ ಮಾತಿನಿಂದ ನಾಯಕ ಉಳಿಯುವವನೆಂದೇ ತೆಗೆದುಕೊಳ್ಳುವುದು ಕ್ಷೇಮ, ಮತ್ತು ಅದನ್ನು ಎರಡನೆಯ ಸಾಲಿನಲ್ಲೇ ಸ್ಪಷ್ಟಪಡಿಸಿಬಿಡಬೇಕು.

ಮುಂದೆ ನೀನು ಸಿಬಿಎಸ್‌ಇ ಪಠ್ಯಕ್ರಮದ ಹನ್ನೊಂದನೇ ತರಗತಿಗೆ ಹೋದರೆ ಅಲ್ಲಿನ ಇಂಗ್ಲಿಷ್ ಪತ್ರಿಕೆಯಲ್ಲಿಯೂ ಭಾಷಣ ಬರೆಯುವ ಪ್ರಶ್ನೆ ಎದುರಾಗಬಹುದು, ಮಿತಿ 120ರಿಂದ 150 ಪದ. ಅಲ್ಲಿಯೂ ಇದೇ ಕ್ರಮ ನಡೆಯುತ್ತದೆ. ಕನ್ನಡದಲ್ಲಿ ಒಂದೇ ಪದದಲ್ಲಿ ಮುಗಿಯುವ ಮಾತಿಗೆ ಇಂಗ್ಲಿಷಿನಲ್ಲಿ ಎರಡು ಮೂರು ಪದ ಬೇಕಾಗುವುದರಿಂದ, ಅಲ್ಲಿ ಎರಡು ಘಟನೆಗೆ ಜಾಗ ಸಾಲದಿರಬಹುದು.

ಕನ್ನಡದಲ್ಲಿಯೂ ಮಿತಿ 100 ಪದ ಎಂದು ಬಂದರೆ ಮಾದರಿಯ ನಾಲ್ಕನೆಯ ಪ್ಯಾರಾವನ್ನು, ಅಂದರೆ ಕ್ರೀಡಾಕೂಟದ ಪ್ರಸಂಗವನ್ನು, ಪೂರ್ತಿಯಾಗಿ ತೆಗೆದುಬಿಡು. ಎಲ್ಲ ಪ್ಯಾರಾಗಳಿಂದಲೂ ಸ್ವಲ್ಪ ಸ್ವಲ್ಪ ಕೀಳಲು ಹೋಗಬೇಡ. ಹಾಗೆ ಮಾಡಿದರೆ ಮೊದಲು ಹೋಗುವುದು ಬಿಸಿಯೂಟದ ತಟ್ಟೆಯಂಥ ವಿವರವೇ, ಉಳಿಯುವುದು "ನೀವು ನಮಗೆ ಬಹಳ ಸಹಾಯ ಮಾಡಿದಿರಿ" ಎಂಬ ಸಾಲು. ಬಿಡಬಹುದಾದ ಇನ್ನೊಂದು ವಾಕ್ಯ ಪ್ರಾರ್ಥನೆಯ ಗಂಟೆಯದು. ಸಂಬೋಧನೆ, ಯಾರ ಪರವಾಗಿ ಎಂಬ ಸಾಲು, ಮಾತು ಕೊಡುವ ವಾಕ್ಯ, ಈ ಮೂರನ್ನು ಮುಟ್ಟಬೇಡ.